ಹನ್ನೊಂದು ಸೆಕೆಂಡಿನ ಉತ್ತರ

ನನ್ನ ಧ್ವನಿ ಹನ್ನೊಂದು ಸೆಕೆಂಡಿನಷ್ಟು ಒಬ್ಬರ ಫೋನಿನೊಳಗೆ ಹೋಗಿ ಕೂತು, ಅಲ್ಲಿಂದ ಹಲಸೂರಿನ ಒಂಬತ್ತು ಮನೆಗಳಿಗೆ ಹೋಗಿ, ಕೊನೆಗೆ ಹಸುಗೂಸುಗಳ ಹಾಲಿನ ಬಾಟಲಿಯ ತನಕ ತಲುಪಿತು. ಅದಕ್ಕೆಲ್ಲ ಕಾರಣ ನನ್ನ ಅನುಮಾನದ ಬುದ್ಧಿ. ಬೇರೆ ಯಾರ ಮೇಲಾದರೂ ಹಾಕೋಣವೆಂದು ಎಷ್ಟೋ ಸಲ ನೋಡಿದ್ದೇನೆ, ಆಗಲಿಲ್ಲ.

ಈ ಬುದ್ಧಿ ನನಗೆ ಮನೆಯಿಂದ ಬಂದದ್ದು. ನಮ್ಮದು ಕೆ.ಆರ್. ಪುರದ ಹಳೆಯ ಒಕ್ಕಲು ಮನೆತನ. ಸೈಟು, ಪತ್ರ, ಸಹಿ ಎಂದು ನಗುತ್ತಾ ಬಂದು ಕೂತವರು ಎದ್ದು ಹೋಗುವಷ್ಟರಲ್ಲಿ ಹೊಲದ ಒಂದು ಮೂಲೆ ಕಮ್ಮಿಯಾಗಿರುತ್ತಿತ್ತಂತೆ. ಹಾಗಾಗಿ ನಮ್ಮ ಮನೆಯಲ್ಲಿ ಯಾರನ್ನೂ ಒಂದೇ ಸಲಕ್ಕೆ ನಂಬುವ ಪದ್ಧತಿ ಇಲ್ಲ. ಸೌತೆಕಾಯಿ ಕೊಂಡರೂ ಅಮ್ಮ ಅಲ್ಲೇ ತುದಿ ಮುರಿದು ಕಹಿ ನೋಡಿಯೇ ಚೀಲಕ್ಕೆ ಹಾಕುವುದು. ನಾನು ನೀರಿನ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿಗೆ ಸೇರಿದಾಗ ಅವಳು ಹೇಳಿದ್ದು ಒಂದೇ ಮಾತು, "ನಿಂದು ಏನಿದ್ರೂ ನೀನೇ ಇಟ್ಕೋ, ಯಾರ ಕಣ್ಣಿಗೂ ಬೀಳಿಸ್ಬೇಡ."

ಪ್ರಯೋಗಾಲಯವೂ ಅದೇ ಪಾಠ ಕಲಿಸಿತು. ನನಗಿಂತ ಎರಡು ವರ್ಷ ಹಿರಿಯಳಾದ ಒಬ್ಬಳು ಸಮ್ಮೇಳನವೊಂದರಲ್ಲಿ ಪೋಸ್ಟರ್ ಹಾಕಿ ನಿಂತಿದ್ದಾಗ ಯಾರೋ ಅದರ ಫೋಟೋ ಹೊಡೆದುಕೊಂಡು ಹೋದರು. ಕೆಲವು ತಿಂಗಳಾದ ಮೇಲೆ ಅದೇ ವಿಷಯದ ಮೇಲೆ ಬೇರೆ ಲ್ಯಾಬಿನವರ ಪೇಪರ್ ಬಂತು. ಕದ್ದರೋ, ಅವರೂ ಮೊದಲಿಂದ ಅದನ್ನೇ ಮಾಡುತ್ತಿದ್ದರೋ, ಆ ಶಿವನಿಗೇ ಗೊತ್ತು. ಆದರೆ ಅವಳು ಎರಡು ವರ್ಷದ ಕೆಲಸ ಬಿಟ್ಟು ಹೊಸದನ್ನು ಹುಡುಕಬೇಕಾಯಿತು. ಒಂದು ದಿನ ಅವಳು ಫ್ರಿಜ್ ಹಿಂದೆ ನಿಂತು ಅಳುತ್ತಿದ್ದದ್ದನ್ನು ನಾನು ನೋಡಿದೆ, ನೋಡದವಳ ಹಾಗೆ ಹೊರಗೆ ಬಂದೆ.

ನನ್ನ ಕೆಲಸ ಹೇಳಲು ಸುಲಭ. ಪೂರ್ವ ಬೆಂಗಳೂರಿನ ಬೋರ್‌ವೆಲ್‌ಗಳಿಂದ ನೀರು ತರುವುದು, ಅದರಲ್ಲಿರುವ ನೈಟ್ರೇಟ್ ಎಷ್ಟು ಎಂದು ಅಳೆಯುವುದು, ಅದೇ ನೀರನ್ನು ಕುದಿಸಿ ಆರಿಸಿ ಮತ್ತೆ ಅಳೆಯುವುದು. ನೈಟ್ರೇಟ್ ಎಂದರೆ ನೀರಿನಲ್ಲಿ ಕರಗಿರುವ ಒಂದು ಲವಣ; ಒಡೆದ ಚರಂಡಿ, ಶೌಚದ ಗುಂಡಿಗಳಿಂದ ಭೂಮಿಗೆ ಇಳಿದು ಬೋರ್ ನೀರಿಗೆ ಸೇರುತ್ತದೆ. ದೊಡ್ಡವರಿಗೆ ತಕ್ಷಣಕ್ಕೆ ಏನೂ ಗೊತ್ತಾಗುವುದಿಲ್ಲ. ಆರು ತಿಂಗಳ ಒಳಗಿನ ಕೂಸಿಗೆ ಅಂಥ ನೀರಿನಲ್ಲಿ ಪುಡಿಹಾಲು ಕಲಸಿ ಕೊಟ್ಟರೆ ಮಾತ್ರ ಕಷ್ಟ. ನೈಟ್ರೇಟ್ ಹೆಚ್ಚಿದ್ದರೆ ಆ ಕೂಸಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಗ್ಗುತ್ತದೆ, ತುಟಿ ನೀಲಿಗಟ್ಟುವುದೂ ಉಂಟು. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕಮ್ಮಿಯಾದಷ್ಟೂ ಉಳಿದ ನೀರಿನಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ಕಂಟೋನ್ಮೆಂಟ್ ಕಡೆಯ ಹಳೆಯ ಕಾಲೇಜೊಂದರಲ್ಲಿ ಎರಡು ದಿನದ ಸಮ್ಮೇಳನ. ಮಧ್ಯಾಹ್ನದ ಮೇಲೆ ಪೋಸ್ಟರ್‌ಗಳ ಸರದಿ, ನಾಲ್ಕರಿಂದ ಊರಿನ ಜನಕ್ಕೂ ಬಾಗಿಲು ತೆರೆದಿರುತ್ತದೆ ಎಂದಿದ್ದರು. ನನ್ನ ಗೈಡ್ ಮೇಡಂ ಹಿಂದಿನ ವಾರವೆಲ್ಲ ನನ್ನನ್ನು ಲ್ಯಾಬಿನಲ್ಲಿ ನಿಲ್ಲಿಸಿ, ಫೋನಿನಲ್ಲಿ ಟೈಮರ್ ಇಟ್ಟು ಮಾತು ಹೇಳಿಸಿದರು. ನಾನು ಮೊದಲ ಸಲ "ನಾವು ಅಯಾನ್ ಕ್ರೊಮಟೊಗ್ರಫಿ ಬಳಸಿ..." ಎಂದು ಶುರು ಮಾಡಿದಾಗ ಅವರು ಕೈ ಎತ್ತಿದರು.

"ನಿನ್ನ ಮಿಷಿನ್ ಕಟ್ಕೊಂಡು ಅವರಿಗೇನಾಗ್ಬೇಕು? ಅವರು ನಡ್ಕೊಂಡು ಹೋಗ್ತಿದಾರೆ. ಮೂವತ್ತು ಸೆಕೆಂಡ್ ಇದೆ. ಮೊದಲು ಪ್ರಶ್ನೆ ಹೇಳು. ನಿನ್ನ ಕೆಲಸ ಯಾವ ಪ್ರಶ್ನೆಗೆ ಉತ್ತರ ಕೊಡುತ್ತೋ ಆ ಪ್ರಶ್ನೆ. ಆಮೇಲೆ ಯಾಕೆ ಬೇಕು, ಏನ್ ಮಾಡ್ದೆ, ಏನ್ ಸಿಕ್ತು. ಅಷ್ಟು ಹೇಳಿ ಬಾಯಿ ಮುಚ್ಕೊ. ಅವರು ಕೇಳ್ಲಿ."

ಹೀಗೆ ನಾವಿಬ್ಬರೂ ಸೇರಿ ತಯಾರು ಮಾಡಿದ ಪ್ರಶ್ನೆ ಇದು: "ಬೋರ್ ನೀರನ್ನ ಕುದಿಸಿದ್ರೆ ಅದರಲ್ಲಿರೋ ನೈಟ್ರೇಟ್ ಹೋಗುತ್ತಾ?" ಇಂಗ್ಲಿಷಿನಲ್ಲೊಂದು, ಕನ್ನಡದಲ್ಲೊಂದು, ಎರಡನ್ನೂ ಬಾಯಿಪಾಠ ಮಾಡಿಸಿದರು. ಕೊನೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟರು. "ಎಲ್ಲೆಲ್ಲಿ ನೀರು ತಗೊಂಡೆ ಅಂತ ಜಾಗ ಹೇಳ್ಬೇಡ. ಅಂಕಿ ಬಿಡಿಸಿ ಹೇಳ್ಬೇಡ. ಪೇಪರ್ ಕಳಿಸೋ ತನಕ ಹುಷಾರು." ಹಾಗಾಗಿ ನನ್ನ ಪೋಸ್ಟರಿನ ನಕ್ಷೆಯಲ್ಲಿ ಬೀದಿಯ ಹೆಸರುಗಳೇ ಇರಲಿಲ್ಲ. ಮೂಲೆಯಲ್ಲಿ ಕ್ಯಾಮೆರಾದ ಮೇಲೆ ಅಡ್ಡಗೆರೆ ಎಳೆದ ಸ್ಟಿಕ್ಕರ್ ಅಂಟಿಸಿದ್ದೆ. ಅದನ್ನೂ ಎರಡು ಕಡೆ.

ಮೊದಲ ದಿನ ಮಧ್ಯಾಹ್ನ ನನ್ನ ಬೋರ್ಡಿನ ಮುಂದೆ ನೊಣವೂ ನಿಲ್ಲಲಿಲ್ಲ. ಪಕ್ಕದ ಬೋರ್ಡು ನನ್ನ ಗೆಳತಿಯದು. ನಾವಿಬ್ಬರೂ ಕಲ್ಯಾಣ ನಗರದಲ್ಲಿ ಒಂದೇ ಪಿಜಿಯಲ್ಲಿ ಇದ್ದವರು. ಅವಳ ಪ್ರಶ್ನೆ, "ಮರ ಬಿಟ್ಟು ಜೇನುಹುಳ ಹತ್ತನೇ ಮಹಡಿ ಬಾಲ್ಕನೀಲಿ ಯಾಕೆ ಗೂಡು ಕಟ್ಟುತ್ತೆ?" ಅಷ್ಟು ಹೇಳಿದರೆ ಸಾಕು, ಟೀ ಕಪ್ ಹಿಡಿದು ಹೋಗುತ್ತಿದ್ದವರು ಗಕ್ಕನೆ ನಿಲ್ಲುತ್ತಿದ್ದರು. ನಮ್ಮ ಮನೆಯಲ್ಲೂ ಕಟ್ಟಿದೆ, ನಮ್ಮ ಅತ್ತೆ ಮನೆಯಲ್ಲೂ ಕಟ್ಟಿದೆ ಎಂದು ಅಲ್ಲಿ ಜಾತ್ರೆ. ನಾನು "ನೈಟ್ರೇಟ್" ಎನ್ನುವಷ್ಟರಲ್ಲಿ ಜನ ಎರಡು ಬೋರ್ಡು ದಾಟಿರುತ್ತಿದ್ದರು.

"ನೈಟ್ರೇಟ್ ಅಂದ್ರೆ ಯಾರ್ ನಿಲ್ತಾರೆ ಗುರು?" ಎಂದಳು ಗೆಳತಿ. "ಸೇಫಾ ಅಂತ ಕೇಳು. ಬೆಂಗಳೂರಲ್ಲಿ ನೀರು ಸೇಫಾ ಅಂದ್ರೆ ಸತ್ತಿರೋನೂ ಎದ್ದು ಕೂತ್ಕೋತಾನೆ."

ನನಗೂ ಹೊಟ್ಟೆ ಉರಿದಿತ್ತು. ಪ್ರಶ್ನೆ ಬದಲಾಯಿಸಿಬಿಟ್ಟೆ. "ಕುದಿಸಿದ ನೀರು ಸೇಫಾ?" ಎಂದು ಕೇಳುವುದು, ಒಂದು ಕ್ಷಣ ಸುಮ್ಮನಿರುವುದು, "ಅಲ್ಲ" ಎನ್ನುವುದು. ಆಮೇಲೆ ಉಳಿದದ್ದೆಲ್ಲ: ರೋಗಾಣು ಸಾಯುತ್ತವೆ ನಿಜ, ಆದರೆ ಬೋರ್ ನೀರಿನ ನೈಟ್ರೇಟ್ ಉಳಿಯುತ್ತದೆ, ಹಾಗಾಗಿ ಸಣ್ಣ ಕೂಸಿಗೆ ಬೇರೆ ನೀರು ಬೇಕು, ಅದನ್ನೂ ಕುದಿಸಿಯೇ ಕೊಡಬೇಕು. ಮೇಡಂ ಹೇಳಿದ ನಿಯಮ ಇಲ್ಲಿ ಮುರಿದಿದೆ ಎಂದು ಗೊತ್ತಿತ್ತು. ಕುದಿಸಿದ ನೀರು ಸೇಫಾ ಎನ್ನುವುದು ನನ್ನ ಕೆಲಸ ಉತ್ತರಿಸುವ ಪ್ರಶ್ನೆಯಲ್ಲ; ಅದು ದೊಡ್ಡ ಪ್ರಶ್ನೆ, ನನ್ನದು ಅದರ ಒಂದು ಚೂರು. ಆದರೂ ಜನ ನಿಂತರು. ಐದು ನಿಮಿಷದಲ್ಲಿ ಆರು ಜನ! ನಾನು ಉಬ್ಬಿಹೋದೆ.

ಜನ ನಿಂತ ಮೇಲೆ ಅನುಮಾನ ಶುರುವಾಯಿತು. ಯಾರೂ ನಿಲ್ಲದಿದ್ದಾಗ ಕದಿಯುವವರ ಭಯವೂ ಇರಲಿಲ್ಲ ನೋಡಿ. ನಮ್ಮ ಹಿರಿಯಳ ಕೆಲಸ ಹಾಳಾಗಿತ್ತಲ್ಲ, ಆ ಲ್ಯಾಬಿನ ಟ್ಯಾಗ್ ಹಾಕಿಕೊಂಡಿದ್ದ ಒಬ್ಬ ಯುವಕ ಬಂದ. ಮಾತು ಬೇಡ ಎಂದು ಕೈಸನ್ನೆ ಮಾಡಿ ನನ್ನ ಗ್ರಾಫ್‌ಗಳನ್ನೇ ಓದತೊಡಗಿದ. ಓದಿದ, ಓದಿದ, ಓದುತ್ತಲೇ ಇದ್ದ. ನಾನು ಒಂದು ಹೆಜ್ಜೆ ಸರಿದು ಗ್ರಾಫಿಗೆ ಅಡ್ಡವಾಗಿ ನಿಂತೆ. ಅವನು ನಕ್ಕು ಹೋದ. ನಕ್ಕದ್ದು ಯಾಕೆ ಎಂದು ಅದನ್ನೇ ಹತ್ತು ನಿಮಿಷ ಯೋಚಿಸಿದೆ.

ನಾಲ್ಕೂಕಾಲರ ಹೊತ್ತಿಗೆ ಆ ಹೆಂಗಸು ಬಂದರು. ಐವತ್ತೈದರ ಆಸುಪಾಸು, ಮಡಿಕೆ ಮುರಿಯದ ಕಾಟನ್ ಸೀರೆ, ತಲೆಗೆ ಕನಕಾಂಬರ. ಕತ್ತಿನಲ್ಲಿ ಟ್ಯಾಗ್ ಇತ್ತು, ಆದರೆ ಹಿಂದುಮುಂದಾಗಿ ತಿರುಗಿತ್ತು, ಹೆಸರು ಕಾಣುತ್ತಿರಲಿಲ್ಲ. ನಾನು ಪೂರ್ತಿ ಮೂವತ್ತು ಸೆಕೆಂಡಿನ ಮಾತು ಹೇಳಿದೆ. ಅವರು ತುಟಿ ಅಲ್ಲಾಡಿಸುತ್ತಾ ಕೇಳಿಸಿಕೊಂಡು, "ಎಲ್ಲೆಲ್ಲಿ ನೀರು ತಕೊಂಡ್ರಿ ಕಣ್ಣು? ಯಾವ್ ಯಾವ್ ಬೀದಿ?" ಎಂದರು. ಕಣ್ಣು ಎನ್ನುವುದು ತಮಿಳಿನವರು ಅಕ್ಕರೆಯಿಂದ ಕರೆಯುವ ರೀತಿ.

ಮೇಡಂ ಯಾವುದನ್ನು ಹೇಳಬೇಡ ಎಂದಿದ್ದರೋ ಅದನ್ನೇ ಕೇಳುತ್ತಿದ್ದಾರೆ. "ಪೂರ್ವ ಬೆಂಗಳೂರು ಅಮ್ಮಾ" ಎಂದೆ.

"ಪೂರ್ವ ಅಂದ್ರೆ? ಹಲಸೂರ್ ಬರುತ್ತಾ?"

"ಅದೆಲ್ಲ ಪೇಪರ್ ಬಂದ್ಮೇಲೆ ಗೊತ್ತಾಗುತ್ತೆ."

ಅವರು ತಲೆಯಾಡಿಸಿ ಹೋದರು. ಕಾಲು ಗಂಟೆ ಬಿಟ್ಟು ಮತ್ತೆ ಬಂದು, ಜೇನಿನ ಬೋರ್ಡಿನ ಮುಂದೆ ನಿಂತ ಹಾಗೆ ಮಾಡಿ ನಾನು ಬೇರೆಯವರಿಗೆ ಹೇಳುವುದನ್ನು ಕೇಳಿಸಿಕೊಂಡರು. ಆಮೇಲೆ ನೋಡುತ್ತೇನೆ, ಕಂಬದ ಹತ್ತಿರ ಆ ಲ್ಯಾಬಿನ ಯುವಕನ ಜೊತೆ ಮಾತಾಡುತ್ತಿದ್ದಾರೆ! ಅವನು ಅವರ ಫೋನು ಹಿಡಿದು ಏನೋ ಒತ್ತಿ ತೋರಿಸಿದ, ಅವರು ನನ್ನ ಕಡೆ ಕೈ ಮಾಡಿದರು, ಅವನು ತಲೆಯಾಡಿಸಿದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ನನಗೆ ಆ ಹೊತ್ತಿಗೆ ಹಾಲ್ ಪೂರ್ತಿ ಹಳದಿ. ಅವರು ಗೃಹಿಣಿಯ ವೇಷದಲ್ಲಿ ಬಂದ ಯಾವುದೋ ಪ್ರೊಫೆಸರ್ ಇರಬೇಕು, ಇಲ್ಲವೇ ಅವನ ಅಮ್ಮ ಇರಬೇಕು ಎಂದು ಲೆಕ್ಕ ಹಾಕಿದೆ.

ಮೂರನೇ ಸಲ ಅವರು ನೇರ ಬಂದು ಫೋನನ್ನು ನನ್ನ ಗದ್ದದ ಹತ್ತಿರ ಹಿಡಿದರು. ಪರದೆಯ ಮೇಲೆ ಕೆಂಪು ಚುಕ್ಕೆ ಮಿಣುಕುತ್ತಿತ್ತು. "ಇನ್ನೊಂದ್ ಕಿತ ಹೇಳ್ ಕಣ್ಣು, ನಂಗೆ ನೆನಪಲ್ಲಿ ನಿಲ್ಲಲ್ಲ."

ಇಲ್ಲ ಎನ್ನಬಹುದಿತ್ತು. ಆದರೆ ನನಗೆ ಜಾಣತನ ತೋರಿಸಬೇಕಿತ್ತು. ಯಾರಿಗೂ ಉಪಯೋಗಕ್ಕೆ ಬಾರದಷ್ಟು ಕೊಡೋಣ ಎಂದುಕೊಂಡೆ. ಗಂಟಲು ಸರಿ ಮಾಡಿಕೊಂಡು, ಸ್ಪಷ್ಟವಾಗಿ, ಆಕಾಶವಾಣಿಯವರ ಹಾಗೆ ಹೇಳಿದೆ: "ಕುದಿಸಿದ ನೀರು ಸೇಫಾ? ಅಲ್ಲ. ನಾವು ಬೆಂಗಳೂರಿನ ನೀರನ್ನ ಕುದಿಸೋ ಮುಂಚೆ, ಕುದಿಸಿದ ಮೇಲೆ ಅಳೆದು ನೋಡಿದೀವಿ. ಕುದಿಸೋದ್ರಿಂದ ಪ್ರಯೋಜನ ಇಲ್ಲ. ಅಷ್ಟೇ."

ರೋಗಾಣು ಎಂಬ ಪದ ಹೇಳಲಿಲ್ಲ. ಬೋರ್ ನೀರು ಎನ್ನಲಿಲ್ಲ. ನೈಟ್ರೇಟ್ ಎನ್ನಲೇ ಇಲ್ಲ, ಅದೇ ನನ್ನ ಗುಟ್ಟು ಎನ್ನುವ ಹಾಗೆ. ಅವರು "ತುಂಬಾ ಉಪಕಾರ ಆಯ್ತು ಕಣ್ಣು, ನೀನು ಚೆನ್ನಾಗಿರ್ಬೇಕು" ಎಂದು ನನ್ನ ಕೆನ್ನೆ ಮುಟ್ಟಿ ನೆಟಿಕೆ ಮುರಿದು ಹೋದರು.

"ಸಕ್ಕತ್ ಓಡಿಸ್ದೆ ಮಗಾ!" ಎಂದಳು ಗೆಳತಿ. ಇಬ್ಬರೂ ಕೈ ತಟ್ಟಿಕೊಂಡೆವು. ಅವತ್ತು ಪಿಜಿಗೆ ಹೋಗುವಾಗ ದಾರಿಯುದ್ದಕ್ಕೂ ನಾನು ಅದನ್ನೇ ಹೇಳಿಕೊಂಡು ನಕ್ಕೆ.

ಮರುದಿನ ಮಧ್ಯಾಹ್ನ ಮೂರು ಗಂಟೆಗೆ, ಜನಕ್ಕೆ ಬಾಗಿಲು ತೆರೆಯುವ ಮೊದಲೇ, ನಿನ್ನೆಯ ಟ್ಯಾಗ್ ತೋರಿಸಿ ಅವರು ಮತ್ತೆ ಬಂದರು. ಈ ಸಲ ಕೈಯಲ್ಲಿ ಸ್ಟೀಲ್ ಡಬ್ಬಿ. ಡಬ್ಬಿಯ ತುಂಬ ಸುಯ್ಯಂ, ಹೂರಣ ತುಂಬಿ ಕರಿದ ಉಂಡೆ. ಟ್ಯಾಗ್ ಇವತ್ತು ಸರಿಯಾಗಿ ತಿರುಗಿತ್ತು, ಹೆಸರಿನ ಕೆಳಗೆ "ಸಾರ್ವಜನಿಕ" ಎಂದು ಬರೆದಿತ್ತು, ಅಷ್ಟೇ.

"ನಾನು ಹಲಸೂರಲ್ಲಿ ಮಕ್ಕಳನ್ನ ನೋಡ್ಕೊಳ್ಳೋ ಮನೇಲಿ ಆಯಾ ಕಣ್ಣು," ಎಂದರು. "ಕೆಲಸಕ್ಕೆ ಹೋಗೋ ಅಮ್ಮಂದ್ರು ಬಿಟ್ಟು ಹೋಗ್ತಾರೆ. ಒಂಬತ್ ಮಕ್ಕಳು, ಅದ್ರಲ್ಲಿ ಮೂರು ಇನ್ನೂ ಕೈಕೂಸು. ಕಾವೇರಿ ನೀರು ದಿನಾ ಬರಲ್ಲ, ಉಳಿದಿದ್ ದಿನ ಬೋರೇ ಗತಿ. ಕುದಿಸಿ ಕುದಿಸಿ ನಂಗೆ ಸಾಕಾಗಿತ್ತು. ನಿನ್ ಮಾತು ಗ್ರೂಪಲ್ ಹಾಕ್ಬಿಟ್ಟೆ. ಎಲ್ಲಾ ಅಮ್ಮಂದ್ರೂ ಕೇಳಿದ್ರು. ಇವತ್ ಬೆಳಿಗ್ಗೆಯಿಂದ ಕುದಿಸೋದೇ ಬಿಟ್ವಿ. ಸೀದಾ ನಲ್ಲಿಯಿಂದಾನೇ."

ನಾನು ಡಬ್ಬಿ ಹಿಡಿದುಕೊಂಡೇ ನಿಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಆಡದೇ ಉಳಿಸಿಕೊಂಡ ಮಾತೂ ಹೀಗೆ ಹೋಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಬೋರ್ ನೀರನ್ನು ಕುದಿಸಿ ಕೊಡುವಾಗ ಆ ಕೂಸುಗಳಿಗೆ ಒಂದೇ ಅಪಾಯವಿತ್ತು. ನನ್ನ ಮಾತಿನಿಂದ ಈಗ ಎರಡಾಗಿತ್ತು.

"ಅಮ್ಮಾ, ಕುದಿಸ್ಬೇಕು," ಎಂದೆ. "ಕುದಿಸ್ಲೇಬೇಕು. ನಾನು ಪೂರ್ತಿ ಹೇಳ್ಲಿಲ್ಲ."

"ಯಾಕೆ ಹೇಳ್ಲಿಲ್ಲ?"

ಸುಳ್ಳು ಹೇಳಲು ನಾಲಿಗೆ ಹೊರಟಿತ್ತು, ತಡೆದೆ. "ನೀವು ನನ್ನ ಕೆಲಸ ಕದಿಯಕ್ಕೆ ಬಂದಿದೀರಾ ಅಂದ್ಕೊಂಡೆ. ಆ ಹುಡುಗ ನಿಮ್ಮ ಫೋನ್ ಹಿಡ್ಕೊಂಡಿದ್ನಲ್ಲಾ."

"ಅವನ್ಯಾರೋ ನಂಗೇನ್ ಗೊತ್ತು? ರೆಕಾರ್ಡ್ ಹೆಂಗೆ ಮಾಡೋದು ಅಂತ ಕೇಳ್ದೆ." ಅವರ ಮುಖದ ನಗು ನಿಧಾನಕ್ಕೆ ಇಳಿದು ಹೋಯಿತು. "ಕದಿಯಕ್ಕೆ ನೀರಿನ್ ಮಾತಲ್ಲಿ ಏನಿದೆ ಕಣ್ಣು?"

ಮೇಡಂ ನಾಲ್ಕು ಗಂಟೆಗೆ ಹೊರಗಿನ ಸಂಸ್ಥೆಯ ಒಬ್ಬ ಹಿರಿಯರನ್ನು ನನ್ನ ಬೋರ್ಡಿಗೆ ಕರೆತರುವವರಿದ್ದರು. ಗೆಳತಿಗೆ ನಿಂತುಕೋ ಎಂದು ಹೇಳಿ, ಆಯಾ ಜೊತೆ ಆಟೋ ಹತ್ತಿದೆ. ಡಬ್ಬಿ ನನ್ನ ತೊಡೆಯ ಮೇಲೇ ಇತ್ತು.

ಹಲಸೂರಿನ ಆ ಮನೆ ಎರಡೇ ಕೋಣೆ. ಚಾಪೆಯ ಮೇಲೆ ಮಕ್ಕಳು ಮಲಗಿದ್ದರು, ಅಡುಗೆ ಕಟ್ಟೆಯ ಮೇಲೆ ತೊಳೆದ ಬಾಟಲಿಗಳು ತಲೆಕೆಳಗಾಗಿ ನಿಂತಿದ್ದವು. ಒಳಗೆ ಹೋಗುವಾಗಲೇ ಆ ಬೀದಿಯ ತುದಿಯ ಬೋರ್ ನೀರಿನ ಟ್ಯಾಂಕ್ ನೋಡಿ ನನ್ನ ಕಾಲು ನಿಂತಿತು. ಅಲ್ಲಿಂದ ನಾನೇ ಎರಡು ಸಲ ಬಾಟಲಿ ತುಂಬಿಕೊಂಡು ಹೋಗಿದ್ದೆ. ನೈಟ್ರೇಟ್ ಮಿತಿ ಮೀರಿದ್ದ ಬೋರ್‌ಗಳಲ್ಲಿ ಅದೂ ಒಂದು. ಹಲಸೂರ್ ಬರುತ್ತಾ ಎಂದು ಅವರು ಕೇಳಿದ್ದು ಇದಕ್ಕೇ. ನಾನು ಅದನ್ನೂ ಹೇಳಿದೆ, ಟ್ಯಾಂಕಿನ ಕಡೆ ಕೈ ತೋರಿಸಿಯೇ ಹೇಳಿದೆ. ಮೇಡಂ ಬೈದರೆ ಬೈದುಕೊಳ್ಳಲಿ ಎನ್ನಿಸಿತು.

ಆಯಾ ಮೊದಲು ಒಲೆ ಹಚ್ಚಿ ದೊಡ್ಡ ಪಾತ್ರೆಯಿಟ್ಟರು. ಕಾವೇರಿ ನೀರು ಹಿಡಿದಿಟ್ಟ ಬಿಂದಿಗೆ ಒಂದು ಇತ್ತು, ಅದನ್ನು ಕೂಸುಗಳ ಹಾಲಿಗೆಂದು ಬೇರೆ ಎತ್ತಿಟ್ಟು, ಅದನ್ನೂ ಕುದಿಸಲು ಹೇಳಿದೆ. ಆಮೇಲೆ ಅವರು ಫೋನು ಹಿಡಿದರು. ನಾನು ಎಲ್ಲವನ್ನೂ ಹೇಳಿದೆ, ಚರಂಡಿಯಿಂದ ಶುರು ಮಾಡಿ ರಕ್ತದ ತನಕ. ನಾಲ್ಕು ನಿಮಿಷವಾಗಿತ್ತು.

ಆಯಾ ತಲೆಯಾಡಿಸಿದರು. "ಇಷ್ಟುದ್ದ ಯಾರೂ ಕೇಳಲ್ಲ. ಅವ್ರೆಲ್ಲ ಕೆಲಸದಲ್ಲಿ ಇರ್ತಾರೆ. ನಿನ್ನೇದು ಟಕ್ ಅಂತ ಇತ್ತು, ಅದಕ್ಕೇ ಎಲ್ರೂ ಕೇಳಿದ್ದು. ಹಂಗೇ ಹೇಳು. ಆದ್ರೆ ನಿಜ ಹೇಳು."

ಲ್ಯಾಬಿನಲ್ಲಿ ವಾರವೆಲ್ಲ ಟೈಮರ್ ಇಟ್ಟು ಕಲಿತದ್ದು ಆ ಅಡುಗೆಮನೆಯಲ್ಲಿ ಬೇಕಾಯಿತು. ಮೂರು ಸಲ ತಪ್ಪಿದೆ. ನಾಲ್ಕನೇ ಸಲ ಹೇಳಿದ್ದು ಹೀಗೆ: "ಬೋರ್ ನೀರು ಕುದಿಸಿದ್ರೆ ಏನು ಸಾಯುತ್ತೆ, ಏನು ಉಳಿಯುತ್ತೆ? ನಿನ್ನೆ ನಾನು ಅರ್ಧ ಹೇಳಿದ್ದು ತಪ್ಪು. ರೋಗಾಣು ಸಾಯುತ್ತೆ, ಅದಕ್ಕೆ ಕುದಿಸ್ಲೇಬೇಕು. ನೈಟ್ರೇಟ್ ಅನ್ನೋ ಲವಣ ಉಳಿಯುತ್ತೆ, ನಮ್ಮ ಬೀದಿ ಬೋರಲ್ಲಿ ಅದು ಜಾಸ್ತಿ ಇದೆ, ನಾವೇ ಅಳೆದಿದೀವಿ. ಅದಕ್ಕೆ ಆರು ತಿಂಗಳ ಒಳಗಿನ ಕೂಸಿನ ಹಾಲಿಗೆ ಬೋರ್ ನೀರು ಬೇಡ. ಕಾವೇರಿ ನೀರು ಕುದಿಸಿ ಕೊಡಿ. ಕೂಸಿಗೆ ಭೇದಿ ಆದ್ರೆ, ತುಟಿ ನೀಲಿ ಆದ್ರೆ ತಕ್ಷಣ ಡಾಕ್ಟರ್ ಹತ್ರ ಹೋಗಿ." "ನಮ್ಮ ಬೀದಿ" ಎಂದು ನನ್ನ ಬಾಯಲ್ಲಿ ಹೇಗೆ ಬಂತೋ ಗೊತ್ತಿಲ್ಲ. ಸರಿಯಾಗಿ ಮೂವತ್ತು ಸೆಕೆಂಡ್ ಆಗಿತ್ತೋ ಇಲ್ಲವೋ, ನೋಡಲಿಲ್ಲ.

ಗ್ರೂಪಿನಲ್ಲಿ ಒಂದೊಂದೇ ನೀಲಿ ಗೆರೆ ಬಂತು. ಒಬ್ಬಳು "ಅಯ್ಯೋ ದೇವರೇ" ಎಂದಳು, ಒಬ್ಬಳು ಬೈದಳು, ಇನ್ನೊಬ್ಬಳು "ನಿನ್ನೆ ಒಂದು, ಇವತ್ತೊಂದು, ಯಾವುದು ನಂಬೋದು?" ಎಂದಳು. ಎಂಟು ಜನ ಕೇಳಿದ್ದರು. ಒಂಬತ್ತನೆಯವಳು ಕೇಳಿರಲಿಲ್ಲ.

"ಅವಳು ಶಿವಾಜಿನಗರದಲ್ಲಿ ಬಟ್ಟೆ ಅಂಗಡೀಲಿ ಕೆಲಸ," ಎಂದರು ಆಯಾ. "ಓನರ್ ಫೋನೆಲ್ಲಾ ಎತ್ತಿಟ್ಕೋತಾನೆ. ಕೂಸಿಗಿನ್ನೂ ನಾಲ್ಕೇ ತಿಂಗಳು. ಇವತ್ತು ಕೂಸನ್ನ ಕರ್ಕೊಂಡೂ ಬಂದಿಲ್ಲ." ಹೇಳುತ್ತಾ ಹೇಳುತ್ತಾ ಅವರ ಧ್ವನಿ ಬದಲಾಯಿತು. ಮಕ್ಕಳ ಮನೆಯನ್ನು ನಡೆಸುತ್ತಿದ್ದ ಅಕ್ಕ ಒಳಗಿಂದ ಬಂದು ಮಕ್ಕಳ ಹತ್ತಿರ ಕೂತರು, ನಾವಿಬ್ಬರೂ ಹೊರಟೆವು.

ಆ ಮನೆ ಪಕ್ಕದ ಸಂದಿಯಲ್ಲೇ. ಕೂಸಿನ ಅಜ್ಜಿ ಬಾಗಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು, ಎಲ್ಲವೂ ಕೂಸಿನ ಬಟ್ಟೆ. "ಬೆಳಿಗ್ಗೆಯಿಂದ ನೀರ್ ನೀರಾಗಿ ಹೋಗ್ತಾ ಇದೆ," ಎಂದಳು. "ಹಲ್ಲು ಬರ್ತಾ ಇರ್ಬೇಕು ಬಿಡಿ." ನಿನ್ನೆ ಸಂಜೆಯಿಂದಲೇ ಕುದಿಸದ ನೀರಿನಲ್ಲಿ ಹಾಲು ಕಲಸಿದ್ದರು. ಅಂಗಡಿಯಿಂದ ಬಂದ ಕೂಡಲೇ ಮೆಸೇಜ್ ಕೇಳಿದ್ದಳಂತೆ ಸೊಸೆ. ಕಾಲೇಜಿನವರು ಹೇಳಿದ್ದಾರೆ ಎಂದಿದ್ದಳಂತೆ. ನಾನು ಕೂಸಿನ ಮುಖಕ್ಕೆ ಬಗ್ಗಿ ತುಟಿ ನೋಡಿದೆ. ಕೆಂಪಗಿತ್ತು. ಆದರೂ ನೋಡುತ್ತಲೇ ಇದ್ದೆ, ನನ್ನ ಕಣ್ಣನ್ನೇ ನನಗೆ ನಂಬಲಾಗಲಿಲ್ಲ.

ಹತ್ತಿರದ ಕ್ಲಿನಿಕ್ಕಿಗೆ ಎತ್ತಿಕೊಂಡು ಹೋದೆವು. ಡಾಕ್ಟರು ನೆತ್ತಿ ಮುಟ್ಟಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಬೆರಳಿಗೆ ಕ್ಲಿಪ್ ಹಾಕಿ ನೋಡಿದರು. ಆಮ್ಲಜನಕ ಸರಿಯಿದೆ, ಸ್ವಲ್ಪ ನೀರು ಕಮ್ಮಿಯಾಗಿದೆ, ಓಆರ್‌ಎಸ್ ಚಮಚದಲ್ಲಿ ಕೊಡುತ್ತಾ ಇಲ್ಲೇ ಎರಡು ಗಂಟೆ ಇರಿ ಎಂದರು. ನಾನು ನಡೆದದ್ದೆಲ್ಲ ಹೇಳಿ, "ಆ ನೀರಿಂದಾನೇ ಅಲ್ವಾ ಸರ್?" ಎಂದು ಕೇಳಿದೆ.

"ನೀರಿಂದಾನೋ, ಬಾಟಲಿಂದಾನೋ, ಸುಮ್ನೆ ಬಂದಿದ್ದೋ, ಇವಾಗ ಹೆಂಗ್ರೀ ಹೇಳೋದು?" ಎಂದರು ಅವರು. "ನೀವು ಪರೀಕ್ಷೆ ಮಾಡೋರು, ನಿಮಗೇ ಗೊತ್ತಿರ್ಬೇಕಲ್ಲ."

ಗೊತ್ತಿತ್ತು. ಒಂದೇ ಕೂಸು, ಒಂದೇ ದಿನ. ಇದರಿಂದ ಏನನ್ನೂ ಸಾಬೀತು ಮಾಡಲಾಗದು. ಬೇರೆ ಯಾರಾದರೂ ಇಂಥದ್ದನ್ನು ಪೋಸ್ಟರಿನಲ್ಲಿ ಹಾಕಿದ್ದರೆ ನಾನೇ ಕಿತ್ತು ಎಸೆಯುತ್ತಿದ್ದೆ. ಆದರೆ ಬೆಂಚಿನ ಮೇಲೆ ಕೂತು, ಅಜ್ಜಿ ಒಂದೊಂದೇ ಚಮಚ ಕೂಸಿನ ಬಾಯಿಗೆ ಬಿಡುವುದನ್ನು ನೋಡುತ್ತಾ, ನಾನೇ ಮಾಡಿದ್ದು ಎಂದು ನನಗೆ ಅನ್ನಿಸುತ್ತಲೇ ಇತ್ತು. ಇವತ್ತಿಗೂ ಅನ್ನಿಸುತ್ತದೆ. ಹೌದು ಎನ್ನುವುದಕ್ಕೂ ಅಲ್ಲ ಎನ್ನುವುದಕ್ಕೂ ನನ್ನ ಹತ್ತಿರ ಆಧಾರವಿಲ್ಲ.

ಅಷ್ಟರಲ್ಲಿ ಮೇಡಂ ಫೋನು ಮಾಡಿದರು. ಎಲ್ಲಿದ್ದೀಯಾ ಎಂದರು. ಹೇಳಿದೆ. ಬೀದಿಯ ಹೆಸರು ಹೇಳಿಬಿಟ್ಟೆ ಎಂದೂ ಹೇಳಿದೆ. "ನಾನು ನಿಂಗೆ ಕೊಟ್ಟಿದ್ದ ಪ್ರಶ್ನೆ ಯಾಕೆ ಬದಲಾಯಿಸ್ದೆ?" ಎಂದರು. ನಾನು ಅತ್ತುಬಿಟ್ಟೆ. "ಆಯ್ತು, ಅಲ್ಲೇ ಇರು, ಮಗು ಸರಿಹೋಗೋ ತನಕ ಬರ್ಬೇಡ," ಎಂದು ಫೋನು ಇಟ್ಟರು.

ಏಳು ಗಂಟೆಗೆ ಕೂಸಿನ ತಾಯಿ ಓಡಿಬಂದಳು. ಅಂಗಡಿಯಿಂದ ಹೊರಗೆ ಬಂದು ಫೋನು ಕೈಗೆ ಸಿಕ್ಕಿದ ಮೇಲೆ ಎರಡನ್ನೂ ಕೇಳಿದ್ದಳು, ಇವತ್ತಿನದು ಮತ್ತು ಮತ್ತೊಮ್ಮೆ ನಿನ್ನೆಯದು. ನನಗಿಂತ ಚಿಕ್ಕವಳು. ಕೂಸನ್ನು ಎತ್ತಿಕೊಂಡು ಕತ್ತಿಗೆ ಮುಖವಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಳು. ಕೂಸು ಆಗಲೇ ಚೇತರಿಸಿಕೊಂಡು ಅವಳ ಸರ ಎಳೆಯುತ್ತಿತ್ತು. ಡಾಕ್ಟರು ಮನೆಗೆ ಹೋಗಬಹುದು ಎಂದಿದ್ದರು.

ನಾನು ಎದ್ದು ನಿಂತು, "ನನ್ನಿಂದ ತಪ್ಪಾಯ್ತು" ಎಂದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಡಾಕ್ಟರು ಚೀಟಿಯಲ್ಲಿ ಬರೆದದ್ದನ್ನು ನನ್ನಿಂದ ಓದಿಸಿಕೊಂಡಳು. ಯಾವ ನೀರು, ಎಷ್ಟು ಹೊತ್ತು ಕುದಿಸಬೇಕು, ಕಾವೇರಿ ಬಾರದ ದಿನ ಏನು ಮಾಡಬೇಕು ಎಂದು ಒಂದೊಂದಾಗಿ ಕೇಳಿದಳು. ಒಂದೊಂದಕ್ಕೂ ಹೇಳಿದೆ: ಬಂದ ದಿನ ಹೆಚ್ಚಿಗೆ ಹಿಡಿದು ಮುಚ್ಚಿಡಬೇಕು, ಅದೂ ಸಾಲದಿದ್ದರೆ ಆರ್‌ಒ ನೀರು ತಂದು ಕುದಿಸಬೇಕು, ಸಾದಾ ಫಿಲ್ಟರ್ ನಂಬಬಾರದು.

ಎಲ್ಲ ಕೇಳಿದ ಮೇಲೆ ಅವಳು ನನ್ನ ಮುಖವನ್ನೇ ನೋಡುತ್ತಾ, "ಇನ್ನೇನಾದ್ರೂ ಹೇಳ್ದೆ ಬಿಟ್ಟಿದೀರಾ ಮೇಡಂ?" ಎಂದಳು.

"ಇಲ್ಲ" ಎಂದೆ.

ಅವಳು ಆಯಾ ಕಡೆ ತಿರುಗಿದಳು. "ನೀವ್ ಹೇಳಿ ಅಕ್ಕ, ಇವ್ರು ಪೂರ್ತಿ ಹೇಳಿದಾರೆ ತಾನೇ?"

ಆಯಾ ನನ್ನನ್ನು ನೋಡಿದರು. ಅವರು ಏನಾದರೂ ಹೇಳಲಿ ಎಂದು ಕಾದೆ. ಅವರು ಕೂಸಿನ ಬಟ್ಟೆಯ ಗಂಟು ಎತ್ತಿಕೊಂಡು, "ನಡಿ, ಮನೇಗ್ ಹೋಗಣ" ಎಂದರು.